ಕೀಟೋ ಊಟವೋ, ಅಳತೆಯ ಅನ್ನವೋ?

ಪ್ರಶ್ನೆ: ನನಗೆ 44 ವರ್ಷ, ಎತ್ತರ 170 ಸೆಂಟಿಮೀಟರ್, ತೂಕ 88 ಕಿಲೋ. ಸಾಗರದ ಹತ್ತಿರ ಅಡಿಕೆ ತೋಟ, ಪೇಟೆಯಲ್ಲಿ ಒಂದು ಅಂಗಡಿ. ದಿನದ ಹೆಚ್ಚು ಹೊತ್ತು ಅಂಗಡಿಯಲ್ಲೇ ಕೂತಿರುತ್ತೇನೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಎರಡು ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ಎರಡು ಹೊತ್ತು ಅನ್ನ. ದಿನಕ್ಕೆ ಐದು ಕಾಫಿ, ಸಂಜೆ ಅಂಗಡಿಯಲ್ಲಿ ಒಂದಿಷ್ಟು ಖಾರ ಮಿಕ್ಸ್ಚರ್. ಮನೆಯಲ್ಲಿ ಸಸ್ಯಾಹಾರ, ಹೊರಗೆ ಮೊಟ್ಟೆ ತಿನ್ನುತ್ತೇನೆ. ಶಿವಮೊಗ್ಗದ ಗೆಳೆಯನೊಬ್ಬ ಕೀಟೋ ಮಾಡಿ ಒಂದೇ ತಿಂಗಳಲ್ಲಿ 6 ಕಿಲೋ ಇಳಿದಿದ್ದಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ ಇದೆ, ಇಬ್ಬರೂ ಒಟ್ಟಿಗೇ ಶುರು ಮಾಡೋಣ ಎನ್ನುತ್ತಾಳೆ. ಕೀಟೋ ಮಾಡಲೇ, ಅಥವಾ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಡಿಮೆ ತಿಂದರೆ ಸಾಕೇ?

ಉತ್ತರ: ನಿಮಗೆ ಕೀಟೋ, ಅಂದರೆ ಅನ್ನ, ರೊಟ್ಟಿ, ಸಕ್ಕರೆಯಿಂದ ಬರುವ ಕಾರ್ಬೋಹೈಡ್ರೇಟನ್ನು ಬಹುಪಾಲು ಬಿಟ್ಟು ಕೊಬ್ಬಿನಿಂದ ಹೊಟ್ಟೆ ತುಂಬಿಸುವ ಪಥ್ಯ, ಬೇಡ. ನಿಮ್ಮ ಮನೆಯವರಂತೂ ವೈದ್ಯರಿಗೆ ಮಾತ್ರೆಗಳ ಹೆಸರು ತೋರಿಸದೆ ಒಂದು ದಿನವೂ ಅದನ್ನು ಶುರು ಮಾಡಬಾರದು. ಕಾರಣವನ್ನು ವಿವರವಾಗಿ ಹೇಳುತ್ತೇನೆ. ಕೀಟೋ ಎಂಬುದೇ ಬರೀ ಮೋಸ ಎನ್ನುವವಳು ನಾನಲ್ಲ. ಅದರಿಂದ ತೂಕ ಇಳಿಯುತ್ತದೆ, ಕೆಲವರಿಗೆ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಗೆಳೆಯರ ಆ 6 ಕಿಲೋ ಎಂಬ ಅಂಕಿಯೊಳಗೆ ಏನೇನಿದೆ ಎಂದು ಮೊದಲು ಬಿಡಿಸಿ ನೋಡಬೇಕು.

ನಮ್ಮ ದೇಹದ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿಯ ಕೊರತೆ ಬೀಳಬೇಕು. ಆರು ಕಿಲೋ ಕೊಬ್ಬಿಗೆ 46,200. ಅದನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 1,540 ಆಯಿತು. ನಿಮ್ಮ ಮೈಕಟ್ಟಿನ, ಕೂತು ಕೆಲಸ ಮಾಡುವ ಗಂಡಸು ದಿನಕ್ಕೆ ಖರ್ಚು ಮಾಡುವುದೇ ಹೆಚ್ಚುಕಡಿಮೆ 2,400ರಿಂದ 2,500 ಕ್ಯಾಲೊರಿ. ಅಂದರೆ ನಿಮ್ಮ ಗೆಳೆಯರು ತಿಂಗಳಿಡೀ ದಿನಕ್ಕೆ 900 ಕ್ಯಾಲೊರಿಯಲ್ಲಿ ಬದುಕಿರಬೇಕು. ತುಪ್ಪ, ಪನೀರು ತಿನ್ನುತ್ತಿದ್ದವರು ಹಾಗೆ ಬದುಕಿದ್ದರು ಎಂದು ನಾನು ನಂಬುವುದಿಲ್ಲ. ಹಾಗಾದರೆ ಉಳಿದ ತೂಕ ಎಲ್ಲಿಂದ ಹೋಯಿತು?

ನೀರಿನಿಂದ ಹೋಯಿತು. ನಾವು ತಿಂದ ಅನ್ನದ ಒಂದು ಪಾಲು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿ ಮತ್ತು ಸ್ನಾಯುಗಳಲ್ಲಿ ದಾಸ್ತಾನಾಗಿರುತ್ತದೆ. ದೊಡ್ಡವರಲ್ಲಿ ಸುಮಾರು ಅರ್ಧ ಕಿಲೋ. ಆ ಒಂದೊಂದು ಗ್ರಾಂ ತನ್ನ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಅನ್ನ, ರೊಟ್ಟಿ, ಸಕ್ಕರೆ ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಿದಾಗ ನಾಲ್ಕೈದು ದಿನದೊಳಗೆ ಈ ದಾಸ್ತಾನಿನ ಬಹುಪಾಲು ಖಾಲಿಯಾಗುತ್ತದೆ, ನೀರೂ ಮೂತ್ರದಲ್ಲಿ ಹೋಗುತ್ತದೆ. ತಕ್ಕಡಿ ಒಂದೂವರೆಯಿಂದ ಎರಡು ಕಿಲೋ ಕೆಳಗಿಳಿಯುತ್ತದೆ. ಹೊಟ್ಟೆಯ ಮೇಲಿನ ಕೊಬ್ಬು ಆಗಿನ್ನೂ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮೂರನೆಯ ವಾರದಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಸಪಾದ ತಿಂದು, ಎರಡು ಸಟ್ಟುಗ ಅನ್ನ ಹಾಕಿಸಿಕೊಂಡರೆ ನೀರು ಹೋದ ದಾರಿಯಲ್ಲೇ ವಾಪಸು ಬರತೊಡಗುತ್ತದೆ. ಮಾರನೆಯ ಬೆಳಿಗ್ಗೆ ತಕ್ಕಡಿ ಹತ್ತಿದವರ ಮುಖ ನೋಡಬೇಕು. ಒಂದೇ ಊಟಕ್ಕೆ ಒಂದೂವರೆ ಕಿಲೋ ಏರಿತು ಎಂದು ನನಗೆ ಫೋನ್ ಮಾಡಿದವರಿಗೆ ಲೆಕ್ಕವೇ ಇಲ್ಲ. ಏರಿದ್ದು ಕೊಬ್ಬಲ್ಲ. ಆದರೆ ಇಳಿದಾಗ ಅದನ್ನು ಕೊಬ್ಬು ಎಂದು ಸಂಭ್ರಮಿಸಿದವರಿಗೆ ಏರಿದಾಗ ಹಾಗೆ ಹೇಳಿ ಸಮಾಧಾನ ಮಾಡುವುದು ಕಷ್ಟ.

ಆದ್ದರಿಂದ ಯಾವ ಪಥ್ಯವೇ ಆಗಲಿ, ಮೊದಲ ಹತ್ತು ದಿನದ ತೂಕವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ಹೊಕ್ಕುಳಿನ ಮಟ್ಟದಲ್ಲಿ ಟೇಪು ಹಿಡಿದು ಅಳೆಯುವ ಸುತ್ತಳತೆಯೇ ನನಗೆ ಸಾಕ್ಷಿ. ತೂಕವನ್ನು ದಿನವೂ ನೋಡಬಹುದು, ಆದರೆ ಏಳು ದಿನದ ಸರಾಸರಿಯನ್ನು ಹಿಂದಿನ ಏಳು ದಿನದ ಸರಾಸರಿಯೊಂದಿಗೆ ಹೋಲಿಸಬೇಕು.

ಇನ್ನು ನೀರಿನ ಲೆಕ್ಕ ಕಳೆದ ಮೇಲೆ ಕೀಟೋದಲ್ಲಿ ಕೊಬ್ಬು ಹೆಚ್ಚು ಕರಗುತ್ತದೆಯೇ? ಕೀಟೋ ಪರವಾದ ವಾದ ನಿಮಗೂ ಗೊತ್ತಿರಬಹುದು: ಕಾರ್ಬೋಹೈಡ್ರೇಟ್ ನಿಂತರೆ ಇನ್ಸುಲಿನ್ ಇಳಿಯುತ್ತದೆ, ಇನ್ಸುಲಿನ್ ಇಳಿದರೆ ಕೊಬ್ಬಿನ ಬೀಗ ತೆರೆಯುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 19 ಜನ ಸ್ಥೂಲಕಾಯರನ್ನು ಸಂಶೋಧನಾಲಯದಲ್ಲೇ ಇರಿಸಿಕೊಂಡು, ಒಂದೊಂದು ತುತ್ತನ್ನೂ ಅಳೆದು ಕೊಟ್ಟರು. ಒಮ್ಮೆ ಕಾರ್ಬೋಹೈಡ್ರೇಟ್‌ನಿಂದ, ಇನ್ನೊಮ್ಮೆ ಕೊಬ್ಬಿನಿಂದ ಅಷ್ಟೇ ಕ್ಯಾಲೊರಿ ಕಡಿತ ಮಾಡಿದರು. ಕಾರ್ಬೋಹೈಡ್ರೇಟ್ ಕಡಿತವಾದಾಗ ಇನ್ಸುಲಿನ್ ಇಳಿಯಿತು, ಆದರೂ ಮೈಯ ಕೊಬ್ಬು ಹೆಚ್ಚು ಕರಗಿದ್ದು ಇನ್ನೊಂದು ಊಟದಲ್ಲಿ. ಅದು ಆರಾರು ದಿನದ ಪ್ರಯೋಗ, ಆ ಕಾರ್ಬೋಹೈಡ್ರೇಟ್ ಕಡಿತವೂ ಕೀಟೋದಷ್ಟು ಕಟ್ಟುನಿಟ್ಟಾಗಿರಲಿಲ್ಲ. ಆದ್ದರಿಂದ ಕೊಬ್ಬು ಬಿಡುವುದೇ ಮೇಲು ಎಂಬ ತೀರ್ಪನ್ನು ಅದರಿಂದ ಎಳೆಯುವುದು ಸರಿಯಲ್ಲ. ಬೀಗದ ಕಥೆ ಅಷ್ಟು ಸರಳವಲ್ಲ ಎಂಬಷ್ಟು ಮಾತ್ರ ಸ್ಪಷ್ಟ.

ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನ. 609 ಜನ, ಒಂದು ವರ್ಷ. ಅರ್ಧ ಜನಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಮಾಡಲು, ಇನ್ನರ್ಧ ಜನಕ್ಕೆ ಕೊಬ್ಬು ಕಡಿಮೆ ಮಾಡಲು ಹೇಳಿದರು. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 6 ಕಿಲೋ, ಎರಡನೆಯದು 5.3 ಕಿಲೋ ಇಳಿದಿತ್ತು. ಹೆಸರಿಗೆ ಹೇಳುವಂಥ ವ್ಯತ್ಯಾಸವಲ್ಲ. ಅದರೊಳಗೆ ನಾನು ಮತ್ತೆ ಮತ್ತೆ ನೆನೆಯುವ ಸಂಗತಿ ಬೇರೆಯದು. ಕಾರ್ಬೋಹೈಡ್ರೇಟ್ ಗುಂಪಿನವರು ಆರಂಭದಲ್ಲಿ ದಿನಕ್ಕೆ 20 ಗ್ರಾಂಗೆ ಇಳಿಯಬೇಕಿತ್ತು, ಅನಂತರ ತಮಗೆ ಎಷ್ಟು ಕಾಲವಾದರೂ ನಡೆಸಿಕೊಂಡು ಹೋಗಬಹುದು ಅನ್ನಿಸುವ ಮಟ್ಟಕ್ಕೆ ಏರಿಸಿಕೊಳ್ಳಬಹುದಿತ್ತು. ವರ್ಷದ ಕೊನೆಯಲ್ಲಿ ಅವರ ಸರಾಸರಿ 130 ಗ್ರಾಂ ಆಸುಪಾಸಿನಲ್ಲಿತ್ತು. ಪ್ರತಿ ಹೆಜ್ಜೆಗೂ ಸಲಹೆಗಾರರಿದ್ದ ಜನರೇ 20ರಲ್ಲಿ ನಿಲ್ಲಲಿಲ್ಲ. ಎರಡೂ ಗುಂಪುಗಳೊಳಗೆ ಕೆಲವರು ಇಪ್ಪತ್ತೈದು ಕಿಲೋಗೂ ಹೆಚ್ಚು ಇಳಿದಿದ್ದರು, ಕೆಲವರು ಏರಿಯೂ ಇದ್ದರು. ಊಟದ ಹೆಸರಿಗಿಂತ ಊಟ ಮಾಡುವವರ ನಡುವಿನ ಅಂತರವೇ ದೊಡ್ಡದಾಗಿತ್ತು. ಇದಕ್ಕೂ ಹಿಂದೆ, 2003ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರು ತಿಂಗಳಿಗೆ ಕಡಿಮೆ ಕಾರ್ಬೋಹೈಡ್ರೇಟ್ ಗುಂಪು ಮುಂದಿತ್ತು, ಹನ್ನೆರಡು ತಿಂಗಳಿಗೆ ಆ ಮುನ್ನಡೆ ಉಳಿದಿರಲಿಲ್ಲ.

ಮೊದಲ ತಿಂಗಳುಗಳಲ್ಲಿ ಕೀಟೋ ಮುಂದೆ ಹೋಗುವುದಕ್ಕೂ ಕಾರಣವಿದೆ, ಅದನ್ನು ಮುಚ್ಚಿಡುವುದು ಅನ್ಯಾಯ. ಅನೇಕರಿಗೆ ಹಸಿವು ನಿಜವಾಗಿಯೂ ಕಡಿಮೆಯಾಗುತ್ತದೆ. ಬಜ್ಜಿ, ಬಿಸ್ಕತ್ತು, ಮಿಕ್ಸ್ಚರ್, ಸಕ್ಕರೆ ಕಾಫಿ ಎಲ್ಲವೂ ಒಂದೇ ಏಟಿಗೆ ನಿಷಿದ್ಧವಾಗುವುದರಿಂದ ಲೆಕ್ಕ ಹಾಕುವ ಕೆಲಸವೂ ಇರುವುದಿಲ್ಲ. ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಇಳಿಯುತ್ತವೆ. ಮೊಟ್ಟೆ, ಮೀನು, ಕೋಳಿ ದಿನವೂ ಬೇಯುವ ಮನೆಯಲ್ಲಿ, ಒಬ್ಬರೇ ಅಡುಗೆ ಮಾಡಿಕೊಂಡು ಇರುವವರು ನಾಲ್ಕೈದು ತಿಂಗಳು ಇದನ್ನು ಸರಾಗವಾಗಿ ನಡೆಸಿದ್ದನ್ನು ನಾನು ಕಂಡಿದ್ದೇನೆ.

ನಿಮ್ಮ ಮನೆ ಅಂಥದಲ್ಲ. ಕೀಟೋ ಎಂದರೆ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್. ನಿಮ್ಮ ಮನೆಯ ಒಂದು ಅಕ್ಕಿ ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟು ಹಿಡಿಯುತ್ತದೆ ಎನ್ನೋಣ. ಅದರಲ್ಲಿ 47 ಗ್ರಾಂ ಕಾರ್ಬೋಹೈಡ್ರೇಟ್. ಅಲ್ಲಿಗೆ ದಿನದ ಪಾಲು ಮುಗಿಯಿತು, ಹೊತ್ತಿನ್ನೂ ಎಂಟೂವರೆ. ಅನ್ನ ಬಿಟ್ಟರೆ ಸಾಕು ಎಂದುಕೊಂಡರೆ ಅದೂ ಅಲ್ಲ. ಹುರುಳಿ ಕಟ್ಟಿನ ಸಾರಿನ ಕಾಳು, ಹೆಸರುಕಾಳು, ತೊಗರಿಬೇಳೆ, ಬಾಳೆಹಣ್ಣು, ಹಲಸು, ಕೆಸುವಿನ ಗೆಡ್ಡೆ, ಎಲ್ಲವೂ ಹೊರಗೆ. ಸಸ್ಯಾಹಾರಿಗೆ ಪ್ರೋಟೀನು ಬರುವುದೇ ಕಾಳು ಬೇಳೆಗಳಿಂದ, ಕೀಟೋ ಮೊದಲು ಬಾಗಿಲು ಹಾಕುವುದೂ ಅವಕ್ಕೇ. ಒಂದೆಲಗದ ತಂಬುಳಿ, ಕಳಲೆ ಪಲ್ಯ, ಬಸಳೆ, ಹಾಗಲ ಉಳಿಯುತ್ತವೆ, ಆದರೆ ಅವುಗಳಿಂದ ಹೊಟ್ಟೆ ತುಂಬುವುದಿಲ್ಲ.

ಹಾಗಾದರೆ ತುಂಬಿಸುವುದು ಯಾವುದರಿಂದ? ದಿನಕ್ಕೆ 1,900 ಕ್ಯಾಲೊರಿಯ ಕೀಟೋ ಊಟದಲ್ಲಿ 30 ಗ್ರಾಂ ಕಾರ್ಬೋಹೈಡ್ರೇಟ್, 80 ಗ್ರಾಂ ಪ್ರೋಟೀನ್ ಇಟ್ಟುಕೊಂಡರೆ ಉಳಿದದ್ದು ಕೊಬ್ಬಿನಿಂದಲೇ ಬರಬೇಕು, 160 ಗ್ರಾಂ. ಮಲೆನಾಡಿನ ಸಸ್ಯಾಹಾರಿ ಮನೆಯಲ್ಲಿ ಅಷ್ಟು ಕೊಬ್ಬೆಂದರೆ ತುಪ್ಪ, ಬೆಣ್ಣೆ, ಪನೀರು, ತೆಂಗಿನಕಾಯಿ, ಕೊಬ್ಬರಿ ಎಣ್ಣೆ. ಇವುಗಳಲ್ಲಿ ಹೆಚ್ಚಿನದು ಪರ್ಯಾಪ್ತ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಅನ್ನು ಏರಿಸುವ ಬಗೆ. ಕೀಟೋದಲ್ಲಿ ಎಲ್ಲರಿಗೂ ಎಲ್‌ಡಿಎಲ್ ಏರುವುದಿಲ್ಲ, ಆದರೆ ಕೆಲವರಿಗೆ ಗಾಬರಿಯಾಗುವಷ್ಟು ಏರುತ್ತದೆ. ಯಾರಿಗೆ ಎಂದು ಮೊದಲೇ ಹೇಳಲಾಗದು, ಶುರು ಮಾಡುವ ಮೊದಲೊಮ್ಮೆ ಮತ್ತು ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ. ರಕ್ತದೊತ್ತಡ ಈಗಾಗಲೇ ಇರುವ ನಿಮಗೆ ಹೃದಯದ ಮೇಲೆ ಇನ್ನೊಂದು ಹೊರೆ ಬೇಡ.

ಈಗ ಮಾತ್ರೆಯ ವಿಷಯ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಐವತ್ತರ ಆಸುಪಾಸಿನ ಬ್ಯಾಂಕ್ ನೌಕರರೊಬ್ಬರು ಬಂದಿದ್ದರು. ಮಗಳ ಮದುವೆಗೆ ಮೊದಲು ತೂಕ ಇಳಿಯಬೇಕಿತ್ತು. ಸಕ್ಕರೆ, ಥೈರಾಯ್ಡ್, ಕೊಲೆಸ್ಟರಾಲ್ ವರದಿಗಳನ್ನೆಲ್ಲ ನೋಡಿದೆ. ದಿನಕ್ಕೆ 40 ಗ್ರಾಂ ಕಾರ್ಬೋಹೈಡ್ರೇಟ್‌ನ ಪಟ್ಟಿ ಬರೆದುಕೊಟ್ಟೆ. ಮಾತ್ರೆ ಏನಾದರೂ ಇದೆಯೇ ಎಂದು ಕೇಳಿದ್ದೆ, ಬಿಪಿಗೆ ಒಂದು ಇದೆ ಎಂದಿದ್ದರು, ಯಾವುದು ಎಂದು ಕೇಳಲಿಲ್ಲ. ಐದನೆಯ ದಿನ ಫೋನ್ ಮಾಡಿ ಸುಸ್ತು, ತಲೆನೋವು, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ ಎಂದರು. ಮೊದಲ ವಾರ ಹಾಗೇ ಇರುತ್ತದೆ ಎಂದೆ. ಒಂಬತ್ತನೆಯ ದಿನ ಬೆಳಗಿನ ಜಾವ ಬಚ್ಚಲಿಗೆ ಎದ್ದು ಹೋದವರು ಕಣ್ಣು ಕತ್ತಲೆ ಬಂದು ಬಿದ್ದರು. ಹಣೆಗೆ ನಾಲ್ಕು ಹೊಲಿಗೆ. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದೊತ್ತಡ 94/60. ಅವರು ನುಂಗುತ್ತಿದ್ದ ಒಂದೇ ಗುಳಿಗೆಯಲ್ಲಿ ಎರಡು ಔಷಧಗಳಿದ್ದವು: ಟೆಲ್ಮಿಸಾರ್ಟಾನ್, ಮತ್ತು ಮೂತ್ರದ ಮೂಲಕ ಉಪ್ಪು ನೀರನ್ನು ಹೊರಹಾಕುವ ಹೈಡ್ರೋಕ್ಲೋರೋಥಯಾಜೈಡ್.

ಆದದ್ದು ಇಷ್ಟು. ಇನ್ಸುಲಿನ್ ಮೂತ್ರಪಿಂಡಕ್ಕೆ ಸೋಡಿಯಂ ಹಿಡಿದಿಟ್ಟುಕೋ ಎಂದು ಹೇಳುವ ಹಾರ್ಮೋನು ಕೂಡ. ಕೀಟೋದಲ್ಲಿ ಅದು ಇಳಿದ ಕೂಡಲೇ ಮೂತ್ರಪಿಂಡ ಉಪ್ಪನ್ನು, ಅದರ ಹಿಂದೆಯೇ ನೀರನ್ನು ಹೊರಗೆ ಬಿಡುತ್ತದೆ. ಕೀಟೋ ಜ್ವರ ಎಂದು ಜನ ಕರೆಯುವ ಸುಸ್ತು, ತಲೆನೋವು, ಸೆಳೆತಗಳ ಮುಖ್ಯ ಕಾರಣವೇ ಇದು. ಮಾತ್ರೆಯೂ ಅದೇ ಕೆಲಸ ಮಾಡುತ್ತಿದ್ದರೆ ಒಂದೇ ಬಾವಿಯಿಂದ ಎರಡು ಕಡೆ ನೀರು ಸೇದಿದ ಹಾಗೆ. ಕೀಟೋದವರು ಇದಕ್ಕೆ ಕೊಡುವ ಮದ್ದು ಉಪ್ಪು ಹೆಚ್ಚು ತಿನ್ನಿ ಎಂಬುದು. ಅಪ್ಪೆಮಿಡಿ ಉಪ್ಪಿನಕಾಯಿಯ ರಸವನ್ನು ಕಡಿಮೆ ಮಾಡಿ ಎಂದು ನಿಮಗೆ ವೈದ್ಯರು ಹೇಳುತ್ತಲೇ ಬಂದಿರುವಾಗ, ಅತ್ತ ಉಪ್ಪು ಕಳೆದುಕೊಳ್ಳುವ ಊಟ, ಇತ್ತ ಉಪ್ಪು ತುಂಬಿಸುವ ಸಲಹೆ, ನಡುವೆ ಒಂದು ಗುಳಿಗೆ. ಮಾತ್ರೆಯ ಪ್ರಮಾಣವನ್ನು ವಾರವಾರಕ್ಕೂ ನೋಡಿ ಬದಲಿಸುವ ವೈದ್ಯರು ಜೊತೆಗಿದ್ದರೆ ಇದನ್ನು ನಿಭಾಯಿಸಬಹುದು. ಗೆಳೆಯರ ಮೊಬೈಲಿನಲ್ಲಿ ಬಂದ ಪಟ್ಟಿಯಿಂದ ಆಗದು.

ನಿಮ್ಮ ಮನೆಯವರ ವಿಷಯ ಇನ್ನೂ ಸೂಕ್ಷ್ಮ. ಅವರ ಮಾತ್ರೆಗಳ ಸ್ಟ್ರಿಪ್ ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರ ಓದಿ. ಗ್ಲಿಮೆಪಿರೈಡ್ ಎಂದಿದ್ದರೆ, ಅಥವಾ ಅವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ, ಅನ್ನ ನಿಲ್ಲಿಸಿದ ದಿನವೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು: ಬೆವರು, ನಡುಕ, ಮಂಕು. ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಎಂದಿದ್ದರೆ ಬೇರೆ ಅಪಾಯ. ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ದೇಹವನ್ನು ಕೊಬ್ಬು ಒಡೆದಾಗ ಹುಟ್ಟುವ ಕೀಟೋನ್ ಎಂಬ ಆಮ್ಲೀಯ ವಸ್ತುವಿನ ಕಡೆಗೆ ಸ್ವಲ್ಪ ವಾಲಿಸುತ್ತವೆ. ಅದರ ಮೇಲೆ ಕೀಟೋ ಊಟವೂ ಸೇರಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆಗಬಹುದು. ಮೋಸ ಇರುವುದು ಇಲ್ಲಿ: ಆಗ ಗ್ಲೂಕೋಮೀಟರ್ ತೋರಿಸುವ ಸಕ್ಕರೆ ತೀರಾ ಹೆಚ್ಚಿರುವುದಿಲ್ಲ, 180, 200 ಹೀಗೆ ಇರಬಹುದು. ಸಕ್ಕರೆ ಸರಿಯಾಗಿಯೇ ಇದೆಯಲ್ಲ, ಗ್ಯಾಸ್ಟ್ರಿಕ್ ಇರಬೇಕು ಎಂದು ಮನೆಯಲ್ಲೇ ಕಷಾಯ ಕುಡಿಸುತ್ತಾ ಕೂರುತ್ತಾರೆ. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು, ಆಳವಾದ ವೇಗದ ಉಸಿರು ಕಂಡರೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ, ಮಾತ್ರೆಯ ಹೆಸರನ್ನೂ ಅನ್ನ ಬಿಟ್ಟಿದ್ದನ್ನೂ ಹೇಳಬೇಕು. ಸಕ್ಕರೆ ಕಾಯಿಲೆಯವರಿಗೆ ಕಾರ್ಬೋಹೈಡ್ರೇಟ್ ಕಡಿತ ಒಳ್ಳೆಯದೇ, ಆದರೆ ಅದು ಅವರ ವೈದ್ಯರ ಮುಂದೆ, ಮಾತ್ರೆ ಬದಲಿಸಿಕೊಂಡ ಮೇಲೆ ನಡೆಯುವ ಕೆಲಸ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಅಥವಾ ಕಲ್ಲಿನ ಇತಿಹಾಸ ಇರುವವರು, ಮೇದೋಜೀರಕ ಗ್ರಂಥಿಯ ಉರಿಯೂತ ಆಗಿದ್ದವರು ಕೀಟೋ ಕಡೆ ಹೋಗಲೇಬಾರದು.

ಇನ್ನು ನಿಮ್ಮ ತಟ್ಟೆಗೆ ಬರೋಣ. ನನ್ನ ಮೇಜಿನ ಮೇಲೆ ಅಡುಗೆಮನೆಯ ತಕ್ಕಡಿಯೊಂದಿದೆ, ಪಕ್ಕದಲ್ಲಿ ಒಂದು ಪಾತ್ರೆ ಅನ್ನ ಇರುತ್ತದೆ. ಬಂದವರಿಗೆ ಮನೆಯಲ್ಲಿ ಬಡಿಸಿಕೊಳ್ಳುವಷ್ಟೇ ಬಡಿಸಿಕೊಳ್ಳಿ ಎನ್ನುತ್ತೇನೆ. ಬಾಯಲ್ಲಿ ಒಂದು ಬಟ್ಟಲು ಎಂದವರ ತಟ್ಟೆ 300 ಗ್ರಾಂ ತೋರಿಸುತ್ತದೆ. ತುಂಬಿದ ಒಂದು ಸಟ್ಟುಗ ಹೆಚ್ಚುಕಡಿಮೆ 100 ಗ್ರಾಂ, 130 ಕ್ಯಾಲೊರಿ. ನೀವು ಬರೆದ ಊಟವನ್ನು ಆ ಅಂದಾಜಿನಲ್ಲಿ ಲೆಕ್ಕ ಹಾಕಿದೆ. ಬೆಳಗಿನ ಎರಡು ರೊಟ್ಟಿ, ಎಣ್ಣೆ, ಕಾಯಿ ಚಟ್ನಿ ಸೇರಿ 650. ಮಧ್ಯಾಹ್ನ ಮೂರು ಸಟ್ಟುಗ ಅನ್ನ, ಹುಳಿ, ಪಲ್ಯ, ಮಜ್ಜಿಗೆ 620. ರಾತ್ರಿ ಎರಡೂವರೆ ಸಟ್ಟುಗ ಅನ್ನ, ಸಾರು, ಪಲ್ಯ, ಮೊಸರು 515. ಇಲ್ಲಿಯವರೆಗೆ 1,785. ಊಟ ಎಂದು ನೀವು ಕರೆಯುವುದು ಇಷ್ಟೇ. ಇದರ ಮೇಲೆ ಎರಡೆರಡು ಚಮಚ ಸಕ್ಕರೆಯ ಐದು ಕಾಫಿ 450, ಸಂಜೆಯ 50 ಗ್ರಾಂ ಮಿಕ್ಸ್ಚರ್ 270. ಒಟ್ಟು 2,500ರ ಹತ್ತಿರ ಹೋಗುತ್ತದೆ, ನಿಮ್ಮ ಖರ್ಚಿಗೆ ಸರಿಸಮ. ಅದಕ್ಕೇ ತೂಕ ನಿಂತಲ್ಲೇ ನಿಂತಿದೆ. ನಿಮ್ಮ ಗೆಳೆಯರೂ ಅನ್ನದ ಜೊತೆಗೆ ಇಂಥ ಕಾಫಿ, ಕುರುಕಲನ್ನು ಬಿಟ್ಟಿರುತ್ತಾರೆ. ಹೆಸರು ಬಂದದ್ದು ಮಾತ್ರ ಕೀಟೋಗೆ.

ನನ್ನ ಸಲಹೆ ಹೀಗಿದೆ. ಕಾಫಿ ಮೂರಕ್ಕೆ ಇಳಿಸಿ, ಸಕ್ಕರೆ ಒಂದು ಚಮಚ. ಅದರಿಂದ 235 ಉಳಿಯಿತು. ಮಿಕ್ಸ್ಚರ್ ಡಬ್ಬಿಯ ಜಾಗದಲ್ಲಿ ಮನೆಯಿಂದ ತಂದ ಹೆಸರುಕಾಳಿನ ಉಸಲಿ ಇರಲಿ, ಇನ್ನೊಂದು 140 ಉಳಿಯುತ್ತದೆ. ರೊಟ್ಟಿ ಎರಡೂ ಇರಲಿ, ಚಟ್ನಿಯ ಕಾಯಿ ಅರ್ಧವಾಗಲಿ. ಅನ್ನ ಮಧ್ಯಾಹ್ನ ಎರಡು ಸಟ್ಟುಗ, ರಾತ್ರಿ ಒಂದೂವರೆ. ಹೀಗೆ ಒಟ್ಟು 700 ಕ್ಯಾಲೊರಿ ಹೋಗುತ್ತದೆ, ಅದರಲ್ಲಿ 165ರಷ್ಟನ್ನು ವಾಪಸು ಕೊಡುತ್ತೇನೆ: ಮಧ್ಯಾಹ್ನದ ತಟ್ಟೆಯಲ್ಲಿ ಹುರುಳಿಕಾಳಿನದೋ ಅಲಸಂದೆಯದೋ ಒಂದು ಬಟ್ಟಲು ಪಲ್ಯ, ರಾತ್ರಿ ಇನ್ನೊಂದು ಬಟ್ಟಲು ಮೊಸರು. ತರಕಾರಿ ಪಲ್ಯ ಈಗಿನ ಎರಡರಷ್ಟು, ಎಣ್ಣೆ ಮಾತ್ರ ಈಗಿನಷ್ಟೇ. ಹೊರಗೆ ಮೊಟ್ಟೆ ತಿನ್ನುವ ದಿನ ಎರಡು ಬೇಯಿಸಿದ ಮೊಟ್ಟೆ ತಿಂದು, ಒಂದು ರೊಟ್ಟಿ ಬಿಡಿ. ಪ್ರೋಟೀನು ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಸಂಜೆಯ ಹಸಿವೂ ತಡೆಯುವುದಿಲ್ಲ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ದಂಡದಂಥ ವ್ಯಾಯಾಮವೂ ಅದಕ್ಕೇ ಬೇಕು. ಏದುಸಿರು ಬಿಟ್ಟು ಉಸಿರು ಕಟ್ಟಿ ಮಾಡಬೇಡಿ, ಬಿಪಿ ಇದೆ.

ದಿನಕ್ಕೆ ಸುಮಾರು 540ರ ಕೊರತೆ ಬಿದ್ದರೆ ಮೊದಲ ತಿಂಗಳುಗಳಲ್ಲಿ ವಾರಕ್ಕೆ ನಾನೂರು ಐನೂರು ಗ್ರಾಂ ಇಳಿಯಬೇಕು. ತಿಂಗಳಿಗೆ ಒಂದು ಮುಕ್ಕಾಲರಿಂದ ಎರಡು ಕಿಲೋ. ಗೆಳೆಯರ 6ರ ಮುಂದೆ ಇದು ಬಡವಾಗಿ ಕಾಣುತ್ತದೆ, ಗೊತ್ತು. ಆದರೆ ಇದರಲ್ಲಿ ನೀರಿನ ಪಾಲು ಸ್ವಲ್ಪವೇ.

ಎರಡು ದಾರಿಗಳ ನಡುವಿನ ನಿಜವಾದ ಅಂತರ ನನಗೆ ಕಾಣುವುದು ಹಬ್ಬದ ಮಾರನೆಯ ದಿನ. ಬಂಧುಗಳ ಮದುವೆಯಲ್ಲಿ ಹೋಳಿಗೆ, ಪಾಯಸ, ಚಿತ್ರಾನ್ನ ಎಲ್ಲವನ್ನೂ ಉಂಡು ಲೆಕ್ಕಕ್ಕಿಂತ 800 ಕ್ಯಾಲೊರಿ ಹೆಚ್ಚಾಯಿತು ಎನ್ನಿ. ಅಳತೆಯ ಊಟದವರಿಗೆ ಅದು ಒಂದೂವರೆ ದಿನದ ಗಳಿಕೆಯ ನಷ್ಟ, ಅಷ್ಟೇ. ಮರುದಿನ ಬೆಳಿಗ್ಗೆ ಅದೇ ರೊಟ್ಟಿ, ಅದೇ ಸಟ್ಟುಗ. ಕೀಟೋದವರಿಗೂ ಕೊಬ್ಬಿನ ಲೆಕ್ಕದಲ್ಲಿ ನಷ್ಟ ಅಷ್ಟೇ, ಆದರೆ ಕೀಟೋಸಿಸ್, ಅಂದರೆ ಮೈ ಕೊಬ್ಬನ್ನೇ ಮುಖ್ಯವಾಗಿ ಉರಿಸುವ ಸ್ಥಿತಿ, ಕಡಿಯುತ್ತದೆ, ಮತ್ತೆ ಅಲ್ಲಿಗೆ ತಲುಪಲು ಎರಡು ಮೂರು ದಿನ ಬೇಕು, ಆ ಸುಸ್ತು ಮತ್ತೊಮ್ಮೆ ಬರಬಹುದು, ತಕ್ಕಡಿಯ ಮೇಲೆ ನೀರು ವಾಪಸು ಬಂದಿರುತ್ತದೆ. ಹೇಗೂ ಕೆಟ್ಟಿತು, ದೀಪಾವಳಿ ಮುಗಿಯಲಿ, ಆಮೇಲೆ ಶುರು ಮಾಡೋಣ ಎಂದುಕೊಳ್ಳುವುದು ಆಗಲೇ. ಮಲೆನಾಡಿನಲ್ಲಿ ಗಣೇಶ ಚೌತಿಯಿಂದ ಶುರುವಾದರೆ ನವರಾತ್ರಿ, ಭೂಮಿ ಹುಣ್ಣಿಮೆ, ದೀಪಾವಳಿ, ಅದರ ಬೆನ್ನಿಗೆ ಅಡಿಕೆ ಕೊಯ್ಲು, ಆಮೇಲೆ ಮದುವೆಗಳು. ಖಾಲಿ ತಿಂಗಳು ಯಾವುದಿದೆ? ಇನ್ನೊಂದು ಮಾತು: ನಿಮ್ಮ ಪನೀರಿಗೆ ಬೇರೆ ಒಲೆ, ಮನೆಮಂದಿಯ ರೊಟ್ಟಿಗೆ ಬೇರೆ ಒಲೆ ಹಚ್ಚುವವರು ಯಾರು ಎಂದೂ ಯೋಚಿಸಿ. ಎರಡು ಅಡುಗೆಯ ಪಥ್ಯ ಮುರಿಯುವುದು ಬಹುಮಟ್ಟಿಗೆ ತಿನ್ನುವವರಿಂದಲ್ಲ, ಬೇಯಿಸುವವರು ದಣಿಯುವುದರಿಂದ.

ಮೂರು ವಾರ ಕಳೆದರೂ ತೂಕದ ಸರಾಸರಿ, ಸುತ್ತಳತೆ ಎರಡೂ ಕದಲದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅನ್ನವನ್ನಲ್ಲ, ಎಣ್ಣೆಯನ್ನು. ಪ್ರತಿ ಒಗ್ಗರಣೆಯನ್ನು ಅಳೆಯಲು ಹೋಗಬೇಡಿ, ತಿಂಗಳಿಗೆ ಎಷ್ಟು ಪ್ಯಾಕೆಟ್ ಖಾಲಿಯಾಗುತ್ತದೆ ಎಂದು ನೋಡಿ. ಐದು ಜನಕ್ಕೆ ಐದು ಲೀಟರ್ ಎಂದರೆ ತಲೆಗೊಂದು ಲೀಟರ್, ಅಂದರೆ ದಿನಕ್ಕೆ 270 ಕ್ಯಾಲೊರಿ ಬರೀ ಎಣ್ಣೆಯಿಂದ. ಮೂರು ಲೀಟರಿಗೆ ಇಳಿಸಿದರೆ ತಲೆಗೆ ನೂರಕ್ಕೂ ಹೆಚ್ಚು ಕ್ಯಾಲೊರಿ ಯಾರಿಗೂ ತಿಳಿಯದ ಹಾಗೆ ಹೋಗುತ್ತದೆ. ಎಂಟು ಹತ್ತು ಕಿಲೋ ಇಳಿದ ಮೇಲೆ ನಿಮ್ಮ ದೇಹದ ಖರ್ಚೂ ನೂರಿಪ್ಪತ್ತು, ನೂರೈವತ್ತರಷ್ಟು ಕಡಿಮೆಯಾಗಿರುತ್ತದೆ, ಆಗ ಇನ್ನೊಮ್ಮೆ ಲೆಕ್ಕ ಹಾಕಬೇಕು. ರಾತ್ರಿಯ ಅನ್ನ ಪೂರ್ತಿ ಬಿಡುವುದೇ ಸುಲಭ ಅನ್ನಿಸಿದರೆ ಬಿಡಿ, ಬದಲಿಗೆ ಕಾಳು ಪಲ್ಯ, ಮೊಸರು ಹೆಚ್ಚಿಸಿಕೊಳ್ಳಿ. ಅದು ಕೀಟೋ ಅಲ್ಲ, ಅದರ ಅಪಾಯಗಳೂ ಅದಕ್ಕಿಲ್ಲ.

ಈ ದಾರಿಯಲ್ಲೂ ತೂಕ ಇಳಿದ ಹಾಗೆ ರಕ್ತದೊತ್ತಡ ಇಳಿಯುತ್ತದೆ, ಆದರೆ ನಿಧಾನವಾಗಿ, ವಾರಗಳ ಲೆಕ್ಕದಲ್ಲಿ. ವಾರಕ್ಕೆ ಎರಡು ಬಾರಿ ಬೆಳಿಗ್ಗೆ ಅಳೆದು ಬರೆದಿಡಿ. ಮೇಲಿನ ಅಂಕಿ 110ಕ್ಕಿಂತ ಕೆಳಗೆ ಬರುತ್ತಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ. ಮಾತ್ರೆಯನ್ನು ನೀವೇ ಅರ್ಧ ಮಾಡಬೇಡಿ.

ಕೊಯ್ಲು ಶುರುವಾದಾಗ ಪಟ್ಟಿಯನ್ನು ಸ್ವಲ್ಪ ಸಡಿಲ ಮಾಡಿ. ದಿನವಿಡೀ ತೋಟದಲ್ಲಿ ಓಡಾಡುವ ದಿನ ಮಧ್ಯಾಹ್ನ ಇನ್ನೊಂದು ಸಟ್ಟುಗ ಅನ್ನ ಹಾಕಿಸಿಕೊಳ್ಳಬಹುದು. ರಾತ್ರಿ ಅಡಿಕೆ ಸುಲಿಯುವವರ ನಡುವೆ ಕೂತಾಗ ಕಾಫಿಯ ತಪ್ಪಲೆ ಬಂದೇ ಬರುತ್ತದೆ, ಒಬ್ಬರೇ ಬೇಡ ಎಂದರೆ ಮೈ ಹುಷಾರಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಅರ್ಧ ಲೋಟ ಹಾಕಿಸಿಕೊಂಡು ಕುಡಿಯಿರಿ, ಆ ದಿನದ ಮೂರನೆಯ ಕಾಫಿ ಅದೇ ಎಂದು ಬೆಳಿಗ್ಗೆಯೇ ಎತ್ತಿಟ್ಟುಕೊಂಡಿರಿ.